ಬಲಗಡೆಯವರಿಗೆ ಮೊದಲು ದಾರಿ

ತಂಗಿ, ನೀವು ಎಲ್ಎಲ್ ಪರೀಕ್ಷೆಯ ಪ್ರಶ್ನೆಬ್ಯಾಂಕನ್ನು ಮೂರು ಸಲ ಬಾಯಿಪಾಠ ಮಾಡಿದರೂ ಸರ್ಕಲ್ ಬಂದಾಗೆಲ್ಲ ತಪ್ಪುತ್ತಿದೆ ಎಂದು ಬರೆದಿದ್ದೀರಿ. ಉತ್ತರದ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಡಿ, ಕಾಗದದ ಮೇಲೆ ಚಿತ್ರ ಬರೆಯಿರಿ.

ಸಿಗ್ನಲ್ಲೂ ಪೊಲೀಸರೂ ಇಲ್ಲದ ನಾಲ್ಕು ರಸ್ತೆಯ ಕೂಡುಜಾಗ ಎಂದುಕೊಳ್ಳಿ. ನೀವು ದಕ್ಷಿಣದಿಂದ ಉತ್ತರಕ್ಕೆ ಹೊರಟಿದ್ದೀರಿ. ಪೂರ್ವದಿಂದ ಆಟೊ, ಪಶ್ಚಿಮದಿಂದ ಕಾರು ಬರುತ್ತಿವೆ. ಆಟೊ ನಿಮ್ಮ ಬಲಕ್ಕಿದೆ, ಅದಕ್ಕೆ ದಾರಿ ಬಿಡಬೇಕು. ಕಾರಿಗೆ ನೀವು ಬಲಗಡೆಯವರು, ಅದು ನಿಮಗಾಗಿ ನಿಲ್ಲಬೇಕು. ಆದರೆ ಆ ಪೂರ್ವ-ಪಶ್ಚಿಮ ರಸ್ತೆ ಮುಖ್ಯರಸ್ತೆ ಎಂದು ಗುರುತಾಗಿದ್ದರೆ ಲೆಕ್ಕ ಬದಲಾಗುತ್ತದೆ, ಎರಡಕ್ಕೂ ನೀವೇ ಕಾಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ವೃತ್ತಾಕಾರದ ಸರ್ಕಲ್‌ನಲ್ಲಾದರೆ ಆಗಲೇ ಒಳಗೆ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು.

ಫಲಕಗಳಲ್ಲಿ ಆಕಾರ ನೋಡಿ. ತುದಿ ಮೇಲಿರುವ ತ್ರಿಕೋನ ಎಚ್ಚರಿಕೆ, ತುದಿ ಕೆಳಗಾದರೆ ‘ದಾರಿ ಬಿಡಿ’ ಎಂಬ ಆಜ್ಞೆ. ಎಂಟು ಮೂಲೆಯದು ಕಂಡರೆ ರಸ್ತೆ ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು.

ಇಂದು ರಾತ್ರಿ ನಿಮ್ಮ ಮನೆ ಹತ್ತಿರದ ಕೂಡುರಸ್ತೆಯನ್ನೇ ಬರೆದು, ನಾಲ್ಕೂ ದಿಕ್ಕಿನಿಂದ ಬಂದಂತೆ ಉತ್ತರಿಸಿ ನೋಡಿ.