ಇನ್‌ಸ್ಟಾಲ್ ಮಾಡುವ ಮುನ್ನ: ಯುಇಎಫ್‌ಐ ಅಥವಾ ಲೆಗಸಿ, ಎರಡರಲ್ಲಿ ಒಂದೇ

ಪವರ್ ಬಟನ್ ಒತ್ತಿದ ಮೇಲೆ ಡಿಸ್ಕಿನಲ್ಲಿರುವ ಆಪರೇಟಿಂಗ್ ಸಿಸ್ಟಂ ಅನ್ನು ಹುಡುಕಿ ಶುರು ಮಾಡುವ ಕೆಲಸ ಮದರ್‌ಬೋರ್ಡಿನ ಫರ್ಮ್‌ವೇರ್‌ಗೆ ಸೇರಿದ್ದು. ಹುಡುಕುವ ರೀತಿಗಳು ಎರಡು. ಹಳೆಯದು ಬಯೋಸ್, ಈಗಿನದು ಯುಇಎಫ್‌ಐ. 2012ರಲ್ಲಿ ವಿಂಡೋಸ್ 8 ಬಂದ ನಂತರ ಮಾರಾಟವಾದ ಬಹುತೇಕ ಕಂಪ್ಯೂಟರುಗಳಲ್ಲಿ ಇರುವುದು ಯುಇಎಫ್‌ಐ. ಆದರೂ ಅವುಗಳಲ್ಲಿ ಅನೇಕವು ಅಗತ್ಯ ಬಿದ್ದಾಗ ಹಳೆಯ ಬಯೋಸಿನಂತೆಯೇ ನಡೆದುಕೊಳ್ಳಬಲ್ಲವು. ಸೆಟಪ್ ಪರದೆಯಲ್ಲಿ ಈ ಹೊಂದಾಣಿಕೆಯ ಮೋಡ್ `Legacy` ಅಥವಾ `CSM` ಎಂಬ ಹೆಸರಿನಲ್ಲಿ ಕಾಣುತ್ತದೆ. ಹೊಸ ಸಿಸ್ಟಂ ಹಾಕುವವರು ಈ ಎರಡರಲ್ಲಿ ಯಾವುದು ಎಂದು ಮೊದಲೇ ತೀರ್ಮಾನಿಸದಿದ್ದರೆ, ತೀರ್ಮಾನವನ್ನು ಫರ್ಮ್‌ವೇರ್ ತಾನೇ ಮಾಡಿಬಿಡುತ್ತದೆ. ಎರಡೂ ಬೆರೆಯುವುದು ಹೆಚ್ಚಾಗಿ ಹೀಗೆಯೇ.

ಬಯೋಸ್ ಮೋಡಿನಲ್ಲಿ ಫರ್ಮ್‌ವೇರ್‌ಗೆ ಡಿಸ್ಕಿನ ಫೈಲುಗಳ ಪರಿಚಯವೇ ಇರುವುದಿಲ್ಲ. ಅದು ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನ 512 ಬೈಟುಗಳನ್ನು ಓದಿ, ಅಲ್ಲಿರುವ ಪುಟ್ಟ ಕೋಡಿಗೆ ಅಧಿಕಾರ ಒಪ್ಪಿಸುತ್ತದೆ. ಅದೇ ಸೆಕ್ಟರಿನಲ್ಲಿ ನಾಲ್ಕು ಪಾರ್ಟಿಷನ್‌ಗಳ ಪಟ್ಟಿಯೂ ಇರುತ್ತದೆ. ಈ ವ್ಯವಸ್ಥೆಯ ಹೆಸರು ಎಂಬಿಆರ್. ಯುಇಎಫ್‌ಐ ಮೋಡಿನ ದಾರಿ ಬೇರೆ. ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಒಂದು ಚಿಕ್ಕ ಪಾರ್ಟಿಷನ್ ಅನ್ನು ಅದು ತೆರೆದು, ಅದರೊಳಗಿನ `.efi` ಫೈಲನ್ನು ನಡೆಸುತ್ತದೆ. ಈ ಪಾರ್ಟಿಷನ್ನಿನ ಹೆಸರು ಇಎಫ್‌ಐ ಸಿಸ್ಟಂ ಪಾರ್ಟಿಷನ್. ಯಾವ ಸಿಸ್ಟಮ್ಮಿಗೆ ಯಾವ ಫೈಲು ಎಂಬ ಪಟ್ಟಿ ಡಿಸ್ಕಿನಲ್ಲಿ ಅಲ್ಲ, ಮದರ್‌ಬೋರ್ಡಿನ ಮೆಮೊರಿಯಲ್ಲೇ ಉಳಿಯುತ್ತದೆ. ಯುಇಎಫ್‌ಐ ಜೊತೆ ಸಾಮಾನ್ಯವಾಗಿ ಬಳಕೆಯಾಗುವ ಪಾರ್ಟಿಷನ್ ಪಟ್ಟಿ ಜಿಪಿಟಿ.

ಒಂದು ಮೋಡಿನಲ್ಲಿ ಎಚ್ಚರಗೊಂಡ ಫರ್ಮ್‌ವೇರ್ ಇನ್ನೊಂದಕ್ಕೆ ನಡುವೆ ಹಾರುವುದಿಲ್ಲ. ಯುಇಎಫ್‌ಐ ಮೋಡಿನಲ್ಲಿ ತೆರೆದ ಬೂಟ್‌ಲೋಡರಿಗೆ ಬಯೋಸ್ ಒದಗಿಸುತ್ತಿದ್ದ ಸೇವೆಗಳು ಸಿಗುವುದಿಲ್ಲ. ಹಾಗಾಗಿ ಬಯೋಸ್ ಮೋಡಿನಲ್ಲಿ ಹಾಕಿದ ವಿಂಡೋಸನ್ನು ಅದು ಶುರು ಮಾಡಲಾರದು. ತಿರುಗಾಮುರುಗಾ ಆದರೂ ಇದೇ ಗತಿ. ಮಿಶ್ರಣದಿಂದಾಗುವ ತೊಂದರೆಗಳಲ್ಲಿ ಹೆಚ್ಚಿನವು ಈ ಒಂದೇ ಕಾರಣದಿಂದ ಹುಟ್ಟುತ್ತವೆ.

ಹೊಸ ಸಿಸ್ಟಂ ಯಾವ ಮೋಡಿನಲ್ಲಿ ಕೂರುತ್ತದೆ ಎಂಬುದು ಇನ್‌ಸ್ಟಾಲರ್ ಪೆನ್‌ಡ್ರೈವ್ ಯಾವ ಮೋಡಿನಲ್ಲಿ ಬೂಟ್ ಆಯಿತು ಎಂಬುದರ ಮೇಲೆ ನಿಂತಿದೆ. ವಿಂಡೋಸ್ ಮತ್ತು ಉಬುಂಟು ಎರಡರ ಇನ್‌ಸ್ಟಾಲರುಗಳೂ ತಾವು ಎದ್ದ ಮೋಡಿಗೆ ತಕ್ಕ ಬೂಟ್‌ಲೋಡರನ್ನೇ ಹಾಕುತ್ತವೆ. ಉಬುಂಟುವಿನ ಪೆನ್‌ಡ್ರೈವ್ ಎರಡೂ ರೀತಿಯಲ್ಲಿ ಬೂಟ್ ಆಗಬಲ್ಲದು. ಆದ್ದರಿಂದ ಎರಡೂ ಮೋಡುಗಳಿಗೆ ಅವಕಾಶವಿರುವ ಕಂಪ್ಯೂಟರಿನ ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಾಲಾಗಿ ಕಾಣುತ್ತದೆ. ಒಂದರ ಮುಂದೆ `UEFI:` ಎಂದಿರುತ್ತದೆ, ಇನ್ನೊಂದರಲ್ಲಿ ಕಂಪನಿಯ ಹೆಸರಷ್ಟೇ. ಮೇಲಿನ ಸಾಲನ್ನು ಒತ್ತಿದವರೂ ಕೆಳಗಿನದನ್ನು ಒತ್ತಿದವರೂ ನೋಡುವ ಇನ್‌ಸ್ಟಾಲರ್ ಪರದೆಗಳು ಬಹುಮಟ್ಟಿಗೆ ಒಂದೇ. ವ್ಯತ್ಯಾಸ ಗೊತ್ತಾಗುವುದು ಕೆಲಸ ಮುಗಿದು ರೀಸ್ಟಾರ್ಟ್ ಆದಾಗ.

ಈ ಲೇಖಕನ ಕೈಗೆ ದುರಸ್ತಿಗೆ ಬಂದ ಒಂದು ಡೆಸ್ಕ್‌ಟಾಪ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಮೊದಲಿದ್ದದ್ದು ವಿಂಡೋಸ್ 7. ಮುಂದೆ ಅದನ್ನೇ ವಿಂಡೋಸ್ 10ಕ್ಕೆ ಅಪ್‌ಗ್ರೇಡ್ ಮಾಡಲಾಗಿತ್ತು. ಅಪ್‌ಗ್ರೇಡ್ ಆದರೂ ಮೋಡ್ ಬದಲಾಗುವುದಿಲ್ಲ. ಡಿಸ್ಕ್ ಎಂಬಿಆರ್ ಆಗಿಯೇ ಉಳಿದಿತ್ತು, ವಿಂಡೋಸ್ ಲೆಗಸಿ ಮೋಡಿನಲ್ಲೇ ಏಳುತ್ತಿತ್ತು. ಫರ್ಮ್‌ವೇರ್‌ನಲ್ಲಿ ಎರಡೂ ಮೋಡುಗಳಿಗೆ ಅನುಮತಿ ಇತ್ತು. ಡಿಸ್ಕಿನಲ್ಲಿ ವಿಂಡೋಸಿನ ಎರಡು ಪಾರ್ಟಿಷನ್‌ಗಳಿದ್ದವು: ಬೂಟ್ ಫೈಲುಗಳ `System Reserved` ಮತ್ತು `C:`. ಮನೆಯ ವಿದ್ಯಾರ್ಥಿಯೊಬ್ಬ ಪಕ್ಕದಲ್ಲಿ ಉಬುಂಟು 20.04 ಹಾಕಲು ಹೊರಟಾಗ, ಪೆನ್‌ಡ್ರೈವ್ ಯುಇಎಫ್‌ಐ ಮೋಡಿನಲ್ಲಿ ಬೂಟ್ ಆಯಿತು.

ಇನ್‌ಸ್ಟಾಲರ್ ಸುಮ್ಮನಿರಲಿಲ್ಲ. ನಡುವೆ `Force UEFI installation?` ಎಂಬ ಪ್ರಶ್ನೆ ತಂದು ನಿಲ್ಲಿಸಿತು. ಈ ಡಿಸ್ಕಿನಲ್ಲಿ ಬಯೋಸ್ ಮೋಡಿನ ಸಿಸ್ಟಂ ಮೊದಲೇ ಇರುವಂತಿದೆ, ಮುಂದುವರಿದರೆ ಆಮೇಲೆ ಅದನ್ನು ಬೂಟ್ ಮಾಡುವುದು ಕಷ್ಟವಾದೀತು ಎಂಬುದು ಆ ಎಚ್ಚರಿಕೆಯ ತಾತ್ಪರ್ಯ. ನಿಲ್ಲಬೇಕಾದ ಜಾಗ ಅದೇ ಆಗಿತ್ತು. ಅಲ್ಲಿಯವರೆಗೆ ಡಿಸ್ಕಿನ ಮೇಲೆ ಏನೂ ಬರೆದಿರುವುದಿಲ್ಲ. ಪೆನ್‌ಡ್ರೈವನ್ನು ಲೆಗಸಿ ಸಾಲಿನಿಂದ ಮತ್ತೆ ಬೂಟ್ ಮಾಡಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮುಂದುವರಿಸು ಎಂದು ಒತ್ತಲಾಯಿತು. ಡಿಸ್ಕಿನಲ್ಲಿ ಮೂರನೆಯದಾಗಿ ಇಎಫ್‌ಐ ಪಾರ್ಟಿಷನ್, ನಾಲ್ಕನೆಯದಾಗಿ ಉಬುಂಟು ಬಂದು ಕೂತವು.

ರೀಸ್ಟಾರ್ಟ್ ಆದಾಗ ನೇರವಾಗಿ ಉಬುಂಟು ತೆರೆಯಿತು. ಗ್ರಬ್ ಮೆನುವಿನಲ್ಲಿ ವಿಂಡೋಸಿನ ಸಾಲೇ ಇರಲಿಲ್ಲ. ವಿಂಡೋಸ್ ಅಳಿಸಿಹೋಯಿತು ಎಂದು ಮನೆಯವರು ಗಾಬರಿಯಾದರು. ನಿಜದಲ್ಲಿ ಏನೂ ಅಳಿಸಿರಲಿಲ್ಲ. ಉಬುಂಟುವಿನ ಫೈಲ್ ಮ್ಯಾನೇಜರಿನಲ್ಲಿ `C:` ಡ್ರೈವಿನ ಫೋಲ್ಡರುಗಳೆಲ್ಲ ಕಾಣುತ್ತಿದ್ದವು. ಯುಇಎಫ್‌ಐ ಮೋಡಿನಲ್ಲಿರುವ ಗ್ರಬ್‌ಗೆ ಶುರು ಮಾಡಲಾಗದ ಕಾರಣ, ಬೇರೆ ಸಿಸ್ಟಂಗಳನ್ನು ಪತ್ತೆ ಹಚ್ಚುವ ಪ್ರೋಗ್ರಾಂ ಆ ವಿಂಡೋಸನ್ನು ಪಟ್ಟಿಗೆ ಸೇರಿಸಿರಲಿಲ್ಲ, ಅಷ್ಟೆ. ಫರ್ಮ್‌ವೇರ್‌ನ ಬೂಟ್ ಮೆನು ತೆರೆದು, `UEFI` ಎಂಬ ಪದವಿಲ್ಲದ ಹಾರ್ಡ್‌ಡಿಸ್ಕಿನ ಸಾಲನ್ನು ಆರಿಸಿದೊಡನೆ ವಿಂಡೋಸ್ ಎಂದಿನಂತೆ ಎದ್ದಿತು. ಯುಇಎಫ್‌ಐ ಮೋಡಿನಲ್ಲಿ ಇನ್‌ಸ್ಟಾಲ್ ಆದ ಉಬುಂಟು ಎಂಬಿಆರ್‌ನ ಬೂಟ್ ಕೋಡನ್ನು ಮುಟ್ಟುವುದಿಲ್ಲ ಎಂಬುದೇ ಇದಕ್ಕೆ ಕಾರಣ.

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದ್ದು ಎರಡೂ ಸಿಸ್ಟಂಗಳ ಮೋಡ್ ಗುರುತಿಸುವುದು. ವಿಂಡೋಸಿನಲ್ಲಿ `msinfo32` ತೆರೆದರೆ `BIOS Mode` ಎಂಬ ಸಾಲಿನಲ್ಲಿ `Legacy` ಅಥವಾ `UEFI` ಎಂದು ಬರೆದಿರುತ್ತದೆ. ಉಬುಂಟುವಿನ ಟರ್ಮಿನಲ್‌ನಲ್ಲಿ ಈ ಒಂದು ಸಾಲು ಸಾಕು:

```
[ -d /sys/firmware/efi ] && echo UEFI || echo BIOS
```

ಇದು ಇನ್‌ಸ್ಟಾಲ್ ಆದ ಸಿಸ್ಟಮ್ಮಿನಲ್ಲಿ ಮಾತ್ರವಲ್ಲ, ಪೆನ್‌ಡ್ರೈವಿನಿಂದ ಲೈವ್ ಆಗಿ ತೆರೆದ ಉಬುಂಟುವಿನಲ್ಲೂ ಕೆಲಸ ಮಾಡುತ್ತದೆ. ಅದರ ಬೆಲೆ ಇರುವುದೂ ಅಲ್ಲಿಯೇ, ಏಕೆಂದರೆ ಉತ್ತರ ಸಿಗುವುದು ಡಿಸ್ಕಿಗೆ ಕೈ ಹಾಕುವ ಮೊದಲು.

ಆ ಡೆಸ್ಕ್‌ಟಾಪಿಗೆ ಎರಡು ಪರಿಹಾರಗಳಿದ್ದವು. ಉಬುಂಟುವನ್ನು ಲೆಗಸಿಗೆ ಇಳಿಸುವುದು ಒಂದು, ವಿಂಡೋಸನ್ನು ಯುಇಎಫ್‌ಐಗೆ ಏರಿಸುವುದು ಇನ್ನೊಂದು. ಯಂತ್ರ ಯುಇಎಫ್‌ಐ ಅನ್ನು ಸರಿಯಾಗಿ ನಡೆಸುತ್ತಿದ್ದುದರಿಂದ ಎರಡನೆಯದನ್ನು ಆರಿಸಲಾಯಿತು. 2017ರ ವಿಂಡೋಸ್ 10 ಆವೃತ್ತಿ 1703ರಿಂದ ಮೈಕ್ರೋಸಾಫ್ಟ್ ಇದಕ್ಕೆಂದೇ `mbr2gpt` ಎಂಬ ಉಪಕರಣ ಕೊಟ್ಟಿದೆ. ಅದು ಫೈಲುಗಳನ್ನು ಹಾಗೆಯೇ ಉಳಿಸಿಕೊಂಡು ಡಿಸ್ಕನ್ನು ಜಿಪಿಟಿಗೆ ಬದಲಿಸುತ್ತದೆ, ಬೇಕಾದ ಇಎಫ್‌ಐ ಪಾರ್ಟಿಷನ್ನಿಗೂ ತಾನೇ ಜಾಗ ಮಾಡುತ್ತದೆ. ಆದರೆ ಅದಕ್ಕೆ ಷರತ್ತುಗಳಿವೆ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್‌ಗಳಿರಬಾರದು, ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇರಲೇಬಾರದು. ಇಲ್ಲಿ ನಾಲ್ಕಿದ್ದವು. ಉಬುಂಟು ಆಗಷ್ಟೇ ಹಾಕಿದ್ದು, ಅದರೊಳಗೆ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹಾಗಾಗಿ ಮುಖ್ಯ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡ ಮೇಲೆ, ಉಬುಂಟು ಪೆನ್‌ಡ್ರೈವಿನಲ್ಲೇ ಇರುವ ಜಿಪಾರ್ಟೆಡ್ ಬಳಸಿ ಹೊಸದಾಗಿ ಬಂದ ಎರಡು ಪಾರ್ಟಿಷನ್‌ಗಳನ್ನು ಅಳಿಸಲಾಯಿತು. ನಂತರ ವಿಂಡೋಸಿಗೆ ಹೋಗಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಈ ಎರಡು ಕಮಾಂಡುಗಳು:

```
mbr2gpt /validate /disk:0 /allowFullOS
mbr2gpt /convert /disk:0 /allowFullOS
```

ಮೊದಲನೆಯದು ಪರೀಕ್ಷೆ ಮಾತ್ರ, ಡಿಸ್ಕನ್ನು ಬದಲಿಸುವುದಿಲ್ಲ. ಅದು ಪಾಸಾದರೆ ಮಾತ್ರ ಎರಡನೆಯದು. ಬಿಟ್‌ಲಾಕರ್ ಚಾಲೂ ಇದ್ದರೆ ಇದಕ್ಕೆ ಮೊದಲು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಡಿಸ್ಕಿನ ಸಂಖ್ಯೆ 0 ಹೌದೇ ಎಂಬುದನ್ನು ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನೋಡಿಕೊಳ್ಳಬೇಕು. ಬದಲಾವಣೆ ಮುಗಿದ ಕ್ಷಣದಿಂದ ಈ ವಿಂಡೋಸ್ ಲೆಗಸಿಯಲ್ಲಿ ಏಳುವುದಿಲ್ಲ. ಆದ್ದರಿಂದ ಮುಂದಿನ ರೀಸ್ಟಾರ್ಟಿನಲ್ಲೇ ಸೆಟಪ್ ಪರದೆಗೆ ಹೋಗಿ, ಮೋಡನ್ನು ಯುಇಎಫ್‌ಐ ಮಾತ್ರ ಎಂದು ಬದಲಿಸಲಾಯಿತು. ವಿಂಡೋಸ್ ಎದ್ದಿತು, `msinfo32` ಕೂಡ `UEFI` ಎಂದು ತೋರಿಸಿತು. ಬಳಿಕ ಖಾಲಿ ಜಾಗದಲ್ಲಿ ಉಬುಂಟುವನ್ನು ಮತ್ತೆ ಹಾಕಿದಾಗ ಆ ಎಚ್ಚರಿಕೆಯ ಪ್ರಶ್ನೆ ಬರಲಿಲ್ಲ. ಗ್ರಬ್ ಮೆನುವಿನಲ್ಲಿ `Windows Boot Manager` ಎಂಬ ಸಾಲು ತಾನಾಗಿ ಸೇರಿಕೊಂಡಿತು. ಎರಡು ಸಿಸ್ಟಂಗಳ ಬೂಟ್ ಫೈಲುಗಳೂ ಈಗ ಒಂದೇ ಇಎಫ್‌ಐ ಪಾರ್ಟಿಷನ್ನಿನಲ್ಲಿ, ಬೇರೆ ಬೇರೆ ಫೋಲ್ಡರುಗಳಲ್ಲಿ ಇವೆ.

ಮಿಶ್ರಣ ಇನ್ನೂ ಎರಡು ರೂಪಗಳಲ್ಲಿ ಎದುರಾಗುತ್ತದೆ. ವಿಂಡೋಸ್ ಇನ್‌ಸ್ಟಾಲರ್ ಯುಇಎಫ್‌ಐನಲ್ಲಿ ಎದ್ದು ಡಿಸ್ಕ್ ಎಂಬಿಆರ್ ಆಗಿದ್ದರೆ, ಅಥವಾ ಲೆಗಸಿಯಲ್ಲಿ ಎದ್ದು ಡಿಸ್ಕ್ ಜಿಪಿಟಿ ಆಗಿದ್ದರೆ, ಈ ಡಿಸ್ಕಿನಲ್ಲಿ ಹಾಕಲಾಗದು ಎಂದು ಅದು ಹೇಳಿಬಿಡುತ್ತದೆ. ಆಗ ಅನೇಕರು ಸಿಟ್ಟಿನಲ್ಲಿ ಪಾರ್ಟಿಷನ್‌ಗಳನ್ನೆಲ್ಲ ಅಳಿಸುತ್ತಾರೆ. ಇರುವ ಫೈಲುಗಳು ಬೇಕಿದ್ದರೆ ಹಾಗೆ ಮಾಡಬಾರದು. ಪೆನ್‌ಡ್ರೈವನ್ನು ಡಿಸ್ಕಿಗೆ ಹೊಂದುವ ಮೋಡಿನಲ್ಲಿ ಮತ್ತೆ ಬೂಟ್ ಮಾಡಿದರೆ ಸಾಕು. ಎರಡನೆಯ ರೂಪ, ಎಲ್ಲವೂ ಸರಿಯಾಗಿ ನಡೆಯುತ್ತಿರುವ ಯಂತ್ರದ ಸೆಟಪ್ಪಿನಲ್ಲಿ ಮೋಡ್ ಬದಲಿಸುವುದು. ಬೂಟ್ ಆಗುವ ಡಿಸ್ಕೇ ಇಲ್ಲ ಎಂಬ ಸಂದೇಶ ಆಗ ಬರುತ್ತದೆ. ಡಿಸ್ಕ್ ಕೆಟ್ಟಿರುವುದಿಲ್ಲ. ಸೆಟ್ಟಿಂಗನ್ನು ಮೊದಲಿನಂತೆ ಮಾಡಿದರೆ ಸಿಸ್ಟಂ ಮತ್ತೆ ಏಳುತ್ತದೆ.

ಆಯ್ಕೆಯ ವಿಚಾರದಲ್ಲಿ ಗೊಂದಲಕ್ಕೆ ಹೆಚ್ಚು ಎಡೆ ಇಲ್ಲ. ಖಾಲಿ ಡಿಸ್ಕ್, ಯುಇಎಫ್‌ಐ ಇರುವ ಯಂತ್ರ ಎಂದಾದರೆ ಯುಇಎಫ್‌ಐ ಮತ್ತು ಜಿಪಿಟಿಯೇ ಸರಿ. 2021ರಲ್ಲಿ ಬಂದ ವಿಂಡೋಸ್ 11ಕ್ಕಂತೂ ಮೈಕ್ರೋಸಾಫ್ಟ್ ಯುಇಎಫ್‌ಐ ಅನ್ನೇ ಕೇಳುತ್ತದೆ. 2 ಟಿಬಿಗಿಂತ ದೊಡ್ಡ ಡಿಸ್ಕಿನಿಂದ ಬೂಟ್ ಮಾಡುವವರಿಗೂ ಇದೇ ದಾರಿ, ಏಕೆಂದರೆ 512 ಬೈಟಿನ ಸೆಕ್ಟರಿರುವ ಡಿಸ್ಕಿನಲ್ಲಿ ಎಂಬಿಆರ್ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ಲೆಗಸಿ ಬೇಕಾಗುವುದು ಯುಇಎಫ್‌ಐ ಇಲ್ಲದ ಹಳೆಯ ಯಂತ್ರಗಳಲ್ಲಿ, ಅಥವಾ ಲೆಗಸಿಯಲ್ಲಿ ಇರುವ ಸಿಸ್ಟಮ್ಮನ್ನು ಬದಲಿಸಲಾಗದೆ ಅದರ ಪಕ್ಕದಲ್ಲೇ ಇನ್ನೊಂದನ್ನು ಹಾಕಬೇಕಾದಾಗ. ಹಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪಿನಲ್ಲಿ ಒಂದು ಎಚ್ಚರ ಬೇಕು. ಕಾರ್ಡಿನಲ್ಲಿ ಯುಇಎಫ್‌ಐಗೆ ಹೊಂದುವ ಫರ್ಮ್‌ವೇರ್ ಇಲ್ಲದಿದ್ದರೆ, `CSM` ಆಫ್ ಮಾಡಿದ ಮೇಲೆ ಪರದೆ ಕಪ್ಪಾಗಿಯೇ ಉಳಿಯಬಹುದು. ಆಗ ಕಾರ್ಡ್ ತೆಗೆದು ಮದರ್‌ಬೋರ್ಡಿನ ಡಿಸ್‌ಪ್ಲೇ ಪೋರ್ಟ್ ಬಳಸಬೇಕು, ಅದಿಲ್ಲದಿದ್ದರೆ ಸೆಟಪ್ಪನ್ನು ಮೂಲ ಸ್ಥಿತಿಗೆ ತರಬೇಕು.

ಯಾವ ಮೋಡನ್ನೇ ಆರಿಸಿದರೂ ಮೂರು ಕೆಲಸಗಳನ್ನು ಈ ಕ್ರಮದಲ್ಲಿ ಮಾಡಬೇಕು. ಈಗಿರುವ ಸಿಸ್ಟಮ್ಮಿನ ಮೋಡ್ ನೋಡುವುದು ಮೊದಲನೆಯದು. ಸೆಟಪ್ಪಿನಲ್ಲಿ ಎರಡೂ ಮೋಡುಗಳಿಗೆ ಅವಕಾಶ ಬಿಡದೆ, ಆ ಒಂದನ್ನೇ ಉಳಿಸುವುದು ಎರಡನೆಯದು. ಪೆನ್‌ಡ್ರೈವ್ ಬೂಟ್ ಆದ ಮೇಲೆ, ಇನ್‌ಸ್ಟಾಲ್ ಒತ್ತುವ ಮುಂಚೆ, ಮೋಡನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳುವುದು ಮೂರನೆಯದು. ಮೂರನ್ನೂ ಮಾಡಲು ಹಿಡಿಯುವುದು ಕೆಲವೇ ನಿಮಿಷ. ಮಾಡದೆ ಬಿಟ್ಟು ತೊಂದರೆ ಬಂದರೂ ವಿಂಡೋಸನ್ನು ಮತ್ತೆ ಹಾಕಲು ಧಾವಿಸಬೇಡಿ. ಮೊದಲು ಬೂಟ್ ಮೆನು ತೆರೆದು, ಇನ್ನೊಂದು ಮೋಡಿನ ಸಾಲನ್ನು ಆರಿಸಿ ನೋಡಿ.