ಅನ್ನ–ಬೇಳೆಯ ಲೆಕ್ಕ: ಪ್ರೋಟೀನನ್ನು ಗ್ರಾಮಿನಲ್ಲಷ್ಟೇ ಅಳೆದರೆ ಸಾಕೇ?

ತರಗತಿ: 8
ವಿಷಯ: ವಿಜ್ಞಾನ
ಪಾಠಾಂಶ: ಪ್ರೋಟೀನಿನ ಗುಣಮಟ್ಟ
ಅವಧಿ: 40 ನಿಮಿಷ
ಬೋಧನೋಪಕರಣಗಳು: ಬಿಳಿ ಮತ್ತು ಕೆಂಪು ಮಣಿಗಳು, ಕಾಗದದ ಪೊಟ್ಟಣಗಳು, ದಾರ, ಕಪ್ಪುಹಲಗೆ, ಎರಡು ಗಾಜಿನ ಲೋಟ

ಪೂರ್ವಜ್ಞಾನ ಮತ್ತು ಸಮಸ್ಯೆ

ಪ್ರೋಟೀನ್ ದೇಹದ ಬೆಳವಣಿಗೆಗೆ ಬೇಕು, ಬೇಳೆಕಾಳುಗಳಲ್ಲಿ ಅದು ಹೆಚ್ಚಾಗಿದೆ ಎಂಬುದು ಎಂಟನೇ ತರಗತಿಯ ಮಕ್ಕಳಿಗೆ ಗೊತ್ತಿರುತ್ತದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 7 ಗ್ರಾಂ, 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ ಎಂದು ಹಲಗೆಯ ಮೇಲೆ ಬರೆದು, "ಹಾಗಾದರೆ ಮೂರು ಪಟ್ಟು ಅನ್ನ ಉಂಡರೆ ಬೇಳೆ ಬೇಡವೇ?" ಎಂದು ಕೇಳಿದರೆ ಹೆಚ್ಚಿನವರು "ಬೇಡ ಸರ್, ಲೆಕ್ಕ ಸರಿಹೋಯ್ತಲ್ಲ" ಎನ್ನುತ್ತಾರೆ. ಗ್ರಾಂಗಳನ್ನು ಮಾತ್ರ ನೋಡಿದರೆ ಅವರ ಉತ್ತರ ಸರಿಯೇ. ಆದರೆ ಅಕ್ಕಿಯ 7 ಗ್ರಾಂ ಪ್ರೋಟೀನಿನಲ್ಲಿ ದೇಹಕ್ಕೆ ಪೂರ್ತಿಯಾಗಿ ಉಪಯೋಗವಾಗುವುದು ಎಷ್ಟು ಎಂಬುದೇ ಈ ಪಾಠದ ಪ್ರಶ್ನೆ.

ವಿಷಯ ನಿರೂಪಣೆ

ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳ ಸರಪಳಿ. ಇವುಗಳಲ್ಲಿ ಒಂಬತ್ತನ್ನು ನಮ್ಮ ದೇಹ ತಾನೇ ತಯಾರಿಸಲಾರದು, ಅವು ಆಹಾರದಿಂದಲೇ ಬರಬೇಕು. ದೇಹ ತನ್ನ ಪ್ರೋಟೀನನ್ನು ಕಟ್ಟುವಾಗ ಈ ಒಂಬತ್ತೂ ನಿಗದಿತ ಪ್ರಮಾಣದಲ್ಲಿ ಬೇಕು. ಯಾವುದಾದರೂ ಒಂದು ಕಡಿಮೆ ಬಿದ್ದರೆ ಉಳಿದವು ಎಷ್ಟಿದ್ದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಾಗೆ ಮೊದಲು ಕಡಿಮೆ ಬೀಳುವುದನ್ನು ಮಿತಿಕಾರಕ ಅಮೈನೋ ಆಮ್ಲ ಎನ್ನುತ್ತೇವೆ. ಮಿಕ್ಕುಳಿದ ಅಮೈನೋ ಆಮ್ಲಗಳನ್ನು ದೇಹ ಕೂಡಿಡುವುದಿಲ್ಲ. ಅವುಗಳ ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೊರಹೋಗುತ್ತದೆ, ಉಳಿದ ಭಾಗ ಶಕ್ತಿಗಾಗಿ ಬಳಕೆಯಾಗುತ್ತದೆ.

ಅನ್ನ–ಬೇಳೆಯ ಮಟ್ಟಿಗೆ ಒಂಬತ್ತನ್ನೂ ಹಿಡಿದು ಕೂರಬೇಕಿಲ್ಲ, ಎರಡನ್ನು ಗಮನಿಸಿದರೆ ಸಾಕು. ಒಂದು ಲೈಸಿನ್. ಇನ್ನೊಂದು ಗಂಧಕವುಳ್ಳ ಜೋಡಿಯಾದ ಮಿಥಿಯೋನಿನ್ ಮತ್ತು ಸಿಸ್ಟೀನ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಪ್ರಕಟಿಸಿದ, ಮೂರು ವರ್ಷ ಮೇಲ್ಪಟ್ಟವರಿಗೆ ಅನ್ವಯಿಸುವ ಮಾದರಿಯೊಂದಿಗೆ ಹೋಲಿಸಿದಾಗ ಚಿತ್ರ ಹೀಗಿದೆ. ಸಂಖ್ಯೆಗಳು ಪ್ರತಿ 1 ಗ್ರಾಂ ಪ್ರೋಟೀನಿನಲ್ಲಿರುವ ಮಿಲಿಗ್ರಾಂ, ಆಹಾರದವು ಅಂದಾಜಿನವು.

| | ಲೈಸಿನ್ | ಮಿಥಿಯೋನಿನ್ + ಸಿಸ್ಟೀನ್ |
|---|---|---|
| ಬೇಕಾದದ್ದು | 48 | 23 |
| ಅಕ್ಕಿ | 36 | 44 |
| ತೊಗರಿಬೇಳೆ | 70 | 22 |

ಅಕ್ಕಿಯಲ್ಲಿ ಲೈಸಿನ್ ಕೊರತೆ, ಗಂಧಕದ ಜೋಡಿ ಧಾರಾಳ. ಬೇಳೆಯಲ್ಲಿ ಲೈಸಿನ್ ಧಾರಾಳ, ಗಂಧಕದ ಜೋಡಿ ಬೇಕಾದಷ್ಟಕ್ಕಿಂತ ಸ್ವಲ್ಪವೇ ಕಡಿಮೆ. ಅಕ್ಕಿಯ 36ನ್ನು 48ರಿಂದ ಭಾಗಿಸಿದರೆ 0.75 ಬರುತ್ತದೆ. ಇದೇ ಅಕ್ಕಿಯ ಅಮೈನೋ ಆಮ್ಲ ಅಂಕ. ಅಂದರೆ 7 ಗ್ರಾಂ ಪ್ರೋಟೀನಿನಲ್ಲಿ ಪೂರ್ಣ ಉಪಯೋಗಕ್ಕೆ ಬರುವುದು 5.25 ಗ್ರಾಂ ಮಾತ್ರ.

ಚಟುವಟಿಕೆ: ಮಣಿಸರ

ಒಂದು ಮಣಿ ಎಂದರೆ ಸುಮಾರು 12 ಮಿಲಿಗ್ರಾಂ, ಒಂದು ಪೊಟ್ಟಣ ಎಂದರೆ 1 ಗ್ರಾಂ ಪ್ರೋಟೀನ್ ಎಂದು ಇಟ್ಟುಕೊಳ್ಳೋಣ. ಬಿಳಿ ಮಣಿ ಲೈಸಿನ್, ಕೆಂಪು ಮಣಿ ಗಂಧಕದ ಜೋಡಿ. ಮೇಲಿನ ಕೋಷ್ಟಕ ಹೀಗೆ ಮಣಿಗಳಾಗುತ್ತದೆ: ಒಂದು ಸರಕ್ಕೆ 4 ಬಿಳಿ, 2 ಕೆಂಪು ಬೇಕು. ಅಕ್ಕಿಯ ಪೊಟ್ಟಣದಲ್ಲಿ 3 ಬಿಳಿ, 4 ಕೆಂಪು. ಬೇಳೆಯ ಪೊಟ್ಟಣದಲ್ಲಿ 6 ಬಿಳಿ, 2 ಕೆಂಪು.

ಪ್ರತಿ ಗುಂಪಿಗೆ ಮೊದಲು ಅಕ್ಕಿಯ ನಾಲ್ಕು ಪೊಟ್ಟಣ ಕೊಡಬೇಕು. ಅದರಲ್ಲಿ 12 ಬಿಳಿ, 16 ಕೆಂಪು ಮಣಿ ಇರುತ್ತವೆ. ಮೂರು ಸರ ಕಟ್ಟುವಷ್ಟರಲ್ಲಿ ಬಿಳಿ ಮುಗಿಯುತ್ತದೆ, 10 ಕೆಂಪು ಮಣಿ ಮೇಜಿನ ಮೇಲೆ ಉಳಿಯುತ್ತವೆ. ಆ ಸರಗಳನ್ನು ಪಕ್ಕಕ್ಕಿಡಿಸಿ, ಬೇಳೆಯ ಎರಡು ಪೊಟ್ಟಣಗಳನ್ನು ಮಾತ್ರ ಬಿಡಿಸಿದರೆ 12 ಬಿಳಿ, 4 ಕೆಂಪು. ಈಗ ಎರಡೇ ಸರ, 4 ಬಿಳಿ ಮಣಿ ಉಳಿಕೆ. ಬೇರೆಬೇರೆಯಾಗಿ ಒಟ್ಟು ಐದು ಸರ. ಕೊನೆಗೆ ಎರಡೂ ಉಳಿಕೆಗಳನ್ನು ಸೇರಿಸಲು ಹೇಳಬೇಕು. 4 ಬಿಳಿ, 2 ಕೆಂಪು ಸೇರಿ ಆರನೇ ಸರ ಸಿದ್ಧವಾಗುತ್ತದೆ. ಯಾವ ಪೊಟ್ಟಣವನ್ನೂ ಹೊಸದಾಗಿ ಕೊಡದೆ ಒಂದು ಸರ ಹೆಚ್ಚಾಯಿತು. "ಈ ಆರನೇ ಸರ ಅಕ್ಕಿಯದೋ ಬೇಳೆಯದೋ?" ಎಂಬ ಪ್ರಶ್ನೆಯನ್ನು ಇಲ್ಲಿಯೇ ಕೇಳಬೇಕು. ಎರಡೂ ತಮ್ಮಲ್ಲಿ ವ್ಯರ್ಥವಾಗುತ್ತಿದ್ದುದನ್ನು ಕೊಟ್ಟಿವೆ ಎಂದು ಮಕ್ಕಳೇ ಹೇಳುತ್ತಾರೆ.

ತಟ್ಟೆಯ ಲೆಕ್ಕ

ಮಣಿಗಳಿಂದ ತಿಳಿದದ್ದನ್ನು ಈಗ ನಿಜವಾದ ತಟ್ಟೆಗೆ ಅನ್ವಯಿಸೋಣ. ಶಾಲೆಯ ಬಿಸಿಯೂಟದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ ಎಂದೂ 6ರಿಂದ 8ನೇ ತರಗತಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ ಎಂದೂ ನಿಗದಿಯಾಗಿದೆ. ಇದು ಬೇಯಿಸುವ ಮೊದಲಿನ ತೂಕ. ಎರಡರಲ್ಲೂ ಪ್ರಮಾಣ ಐದಕ್ಕೆ ಒಂದು.

100 ಗ್ರಾಂ ಅಕ್ಕಿಯಿಂದ 7 ಗ್ರಾಂ ಪ್ರೋಟೀನ್, 252 ಮಿಲಿಗ್ರಾಂ ಲೈಸಿನ್. 20 ಗ್ರಾಂ ಬೇಳೆಯಿಂದ 4.4 ಗ್ರಾಂ ಪ್ರೋಟೀನ್, 308 ಮಿಲಿಗ್ರಾಂ ಲೈಸಿನ್. ಒಟ್ಟು 11.4 ಗ್ರಾಂ ಪ್ರೋಟೀನ್, 560 ಮಿಲಿಗ್ರಾಂ ಲೈಸಿನ್. ಭಾಗಿಸಿದರೆ ಪ್ರತಿ ಗ್ರಾಮಿಗೆ 49, ಬೇಕಾದ 48ನ್ನು ದಾಟಿತು. ಗಂಧಕದ ಜೋಡಿ ಅಕ್ಕಿಯಲ್ಲೇ ಧಾರಾಳವಾಗಿರುವುದರಿಂದ ಅದರ ಚಿಂತೆಯಿಲ್ಲ. ಬೇಳೆ ಕೊಟ್ಟದ್ದು 4.4 ಗ್ರಾಂ ಪ್ರೋಟೀನ್, ಆದರೆ ಉಪಯುಕ್ತ ಪ್ರೋಟೀನ್ 5.25ರಿಂದ 11.4ಕ್ಕೆ, ಅಂದರೆ 6 ಗ್ರಾಮಿಗೂ ಹೆಚ್ಚು ಏರಿತು. ಮಣಿಸರದಲ್ಲಿ ನಾವು ಕಂಡದ್ದೂ ಇದನ್ನೇ.

ಈಗ ಬೇಳೆಯನ್ನು ಅರ್ಧ ಮಾಡೋಣ. 100 ಗ್ರಾಂ ಅಕ್ಕಿಗೆ 10 ಗ್ರಾಂ ಬೇಳೆಯ ತಿಳಿಸಾರು. ಒಟ್ಟು ಪ್ರೋಟೀನ್ 9.2 ಗ್ರಾಂ, ಲೈಸಿನ್ 406 ಮಿಲಿಗ್ರಾಂ, ಪ್ರತಿ ಗ್ರಾಮಿಗೆ 44. ಅಂಕ 0.92, ಉಪಯುಕ್ತ ಪ್ರೋಟೀನ್ ಸುಮಾರು 8.5 ಗ್ರಾಂ. ಬರಿ ಅನ್ನಕ್ಕಿಂತ ಇದು ಎಷ್ಟೋ ಮೇಲು, ಆದರೆ 11.4 ಗ್ರಾಮಿನ ತಟ್ಟೆಗೆ ಹೋಲಿಸಿದರೆ ಕಾಲು ಭಾಗ ಕಡಿಮೆ.

ಈ ವ್ಯತ್ಯಾಸ ಪುಸ್ತಕದಲ್ಲಷ್ಟೇ ಇರುವುದಲ್ಲ. ಸಾಂಬಾರಿನ ಪಾತ್ರೆಯಲ್ಲಿ ಬೆಂದ ಬೇಳೆ ತಳಕ್ಕೆ ಇಳಿಯುತ್ತದೆ. ಸೌಟನ್ನು ತಳದಿಂದ ಕಲಕದೆ ಮೇಲಿನಿಂದಲೇ ಬಡಿಸಿದರೆ ಸಾಲಿನ ಮೊದಲ ಮಕ್ಕಳಿಗೆ ತಿಳಿ, ಕೊನೆಯವರಿಗೆ ಗಟ್ಟಿ ಸಿಗುತ್ತದೆ. ದಾಸ್ತಾನು ಪುಸ್ತಕದಲ್ಲಿ ಪ್ರತಿ ಮಗುವಿಗೂ ನಿಗದಿಯಾದ ಬೇಳೆ ಖರ್ಚಾಗಿರುತ್ತದೆ, ತಟ್ಟೆಯಲ್ಲಿ ಹಾಗಿರುವುದಿಲ್ಲ. ಇದನ್ನು ಪರೀಕ್ಷಿಸುವುದು ಸುಲಭ. ಒಂದು ಗಾಜಿನ ಲೋಟಕ್ಕೆ ಕಲಕದೆ ಮೇಲಿನ ಸಾಂಬಾರನ್ನೂ ಇನ್ನೊಂದಕ್ಕೆ ಚೆನ್ನಾಗಿ ಕಲಕಿ ತೆಗೆದ ಸಾಂಬಾರನ್ನೂ ತುಂಬಿ, ಊಟದ ಬಿಡುವು ಮುಗಿಯುವವರೆಗೆ ಅಲುಗಿಸದೆ ಇಡಬೇಕು. ತಳದಲ್ಲಿ ಕೂತ ಬೇಳೆಯ ಪದರದ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ಹೋಲಿಸಬಹುದು.

ಲೆಕ್ಕದಲ್ಲಿ ಎಡವುವ ಜಾಗಗಳು

ಮೊದಲನೆಯದು ಸರಾಸರಿ. 36 ಮತ್ತು 70ನ್ನು ಕೂಡಿ ಎರಡರಿಂದ ಭಾಗಿಸಿ 53 ಎಂದು ಬರೆಯುವುದು ಮಕ್ಕಳಿಗೆ ಸಹಜ. ಹಾಗೆ ಮಾಡಿದರೆ ತಿಳಿಸಾರೂ ಪಾಸಾಗಿಬಿಡುತ್ತದೆ, ಏಕೆಂದರೆ ಬೇಳೆ ಎಷ್ಟೇ ಇದ್ದರೂ ಉತ್ತರ 53. ಒಟ್ಟು ಲೈಸಿನನ್ನು ಒಟ್ಟು ಪ್ರೋಟೀನಿನಿಂದ ಭಾಗಿಸಬೇಕು ಎಂಬುದನ್ನು ಹಲಗೆಯ ಮೂಲೆಯಲ್ಲಿ ಪಾಠ ಮುಗಿಯುವವರೆಗೂ ಬರೆದಿಟ್ಟರೆ ಒಳ್ಳೆಯದು.

ಎರಡನೆಯದು ತೂಕ. ಅನ್ನ ನೀರು ಹೀರಿಕೊಂಡಿರುತ್ತದೆ, ಹಾಗಾಗಿ 100 ಗ್ರಾಂ ಅನ್ನದಲ್ಲಿ 7 ಗ್ರಾಂ ಪ್ರೋಟೀನ್ ಇರುವುದಿಲ್ಲ, 3 ಗ್ರಾಮಿಗಿಂತಲೂ ಕಡಿಮೆ ಇರುತ್ತದೆ. ಅಕ್ಕಿ, ಬೇಳೆ ಎರಡನ್ನೂ ಹಸಿಯ ತೂಕದಲ್ಲೇ ಹಿಡಿಯಬೇಕು.

ಮೂರನೆಯದು, ಬೇಳೆ ಹೆಚ್ಚಿಸಿದಷ್ಟೂ ಗುಣಮಟ್ಟ ಏರುತ್ತದೆ ಎಂಬ ಭಾವನೆ. ಲೈಸಿನ್ 48 ಮುಟ್ಟಿದ ಮೇಲೆ ಅಂಕ 1ರಲ್ಲೇ ನಿಲ್ಲುತ್ತದೆ. ಆಮೇಲೆ ಹಾಕಿದ ಬೇಳೆ ತನ್ನ ಗ್ರಾಂಗಳನ್ನಷ್ಟೇ ಸೇರಿಸುತ್ತದೆ.

ಈ ಲೆಕ್ಕಕ್ಕೂ ಮಿತಿಗಳಿವೆ. ಇದು ಆಹಾರದಲ್ಲಿರುವ ಅಮೈನೋ ಆಮ್ಲಗಳ ಲೆಕ್ಕ, ಜೀರ್ಣವಾಗಿ ರಕ್ತಕ್ಕೆ ಸೇರುವುದು ಇದಕ್ಕಿಂತ ಸ್ವಲ್ಪ ಕಡಿಮೆ. ಬೇಳೆಯ ಪ್ರೋಟೀನ್ ಅಕ್ಕಿಯದಕ್ಕಿಂತ ಕಷ್ಟದಲ್ಲಿ ಜೀರ್ಣವಾಗುತ್ತದೆ. ಬೇಳೆಕಾಳುಗಳಲ್ಲಿ ಜೀರ್ಣಕ್ರಿಯೆಯನ್ನು ತಡೆಯುವ ಪದಾರ್ಥಗಳಿದ್ದು, ಚೆನ್ನಾಗಿ ಬೇಯಿಸಿದಾಗ ಅವುಗಳಲ್ಲಿ ಹೆಚ್ಚಿನವು ನಾಶವಾಗುತ್ತವೆ. ಆದ್ದರಿಂದ ಬೇಳೆ ನುಣ್ಣಗೆ ಬೇಯಬೇಕು. ಇನ್ನೊಂದು ಮಾತು: ಗುಣಮಟ್ಟ ಪ್ರಮಾಣದ ಜಾಗವನ್ನು ತುಂಬುವುದಿಲ್ಲ. 6ರಿಂದ 8ನೇ ತರಗತಿಯ ತಟ್ಟೆಯಲ್ಲಿ ಅಕ್ಕಿ–ಬೇಳೆ ಎರಡೂ ಸೇರಿ ಕೊಡುವುದು ಸುಮಾರು 17 ಗ್ರಾಂ. ಅಂಕ 1 ಬಂದಿತೆಂದು ಅದು ಇಡೀ ದಿನಕ್ಕೆ ಸಾಕಾಗುವುದಿಲ್ಲ. ಗ್ರಾಂ ಮತ್ತು ಸಮತೋಲನ ಎರಡನ್ನೂ ನೋಡಬೇಕು.

ಮೌಲ್ಯಮಾಪನ

1. ಅನ್ನದ ಜೊತೆ ಬೇಳೆಯ ಬದಲು ಚಪಾತಿ ತಿಂದರೆ ಲೈಸಿನ್ ಕೊರತೆ ನೀಗುತ್ತದೆಯೇ? (ಇಲ್ಲ. ಗೋಧಿಯೂ ಧಾನ್ಯವೇ, ಅದರಲ್ಲೂ ಲೈಸಿನ್ನೇ ಕಡಿಮೆ. ಎರಡು ಆಹಾರ ಬೆರೆತರೆ ಸಾಲದು, ಒಂದರ ಕೊರತೆ ಇನ್ನೊಂದರಲ್ಲಿ ಧಾರಾಳವಾಗಿರಬೇಕು.)

2. 75 ಗ್ರಾಂ ಅಕ್ಕಿ, 25 ಗ್ರಾಂ ಬೇಳೆಯ ಹುಗ್ಗಿಯಲ್ಲಿ ಪ್ರತಿ ಗ್ರಾಂ ಪ್ರೋಟೀನಿಗೆ ಲೈಸಿನ್ ಎಷ್ಟು? (ಪ್ರೋಟೀನ್ 10.75 ಗ್ರಾಂ, ಲೈಸಿನ್ 574 ಮಿಲಿಗ್ರಾಂ, ಉತ್ತರ ಸುಮಾರು 53.)

3. ಮಧ್ಯಾಹ್ನ ಬರಿ ಮೊಸರನ್ನವಿಲ್ಲದ ಅನ್ನ–ಉಪ್ಪಿನಕಾಯಿ, ರಾತ್ರಿ ಬೇಳೆ ಹೆಚ್ಚಿರುವ ಊಟವಾದರೆ? (ಒಂದೇ ತುತ್ತಿನಲ್ಲಿ ಸೇರಬೇಕೆಂದಿಲ್ಲ. ಒಂದು ದಿನದ ಊಟಗಳೊಳಗೆ ಸೇರಿದರೂ ಸರಿದೂಗುತ್ತದೆ.)

ಗೃಹಪಾಠ

ಮನೆಯಲ್ಲಿ ಒಂದು ದಿನದ ಅಡುಗೆಗೆ ಎಷ್ಟು ಲೋಟ ಅಕ್ಕಿ, ಎಷ್ಟು ಲೋಟ ಬೇಳೆ ಹಾಕುತ್ತಾರೆಂದು ಕೇಳಿ ಬರೆದು, ಪ್ರತಿ ಗ್ರಾಂ ಪ್ರೋಟೀನಿನ ಲೈಸಿನ್ ಲೆಕ್ಕ ಹಾಕಿ ತರಬೇಕು. ಒಂದೇ ಲೋಟದ ಅಕ್ಕಿ ಮತ್ತು ಬೇಳೆಯ ತೂಕ ಹೆಚ್ಚು ಕಡಿಮೆ ಸಮವಾದ್ದರಿಂದ ಲೋಟದ ಅಳತೆಯೇ ಸಾಕು. ಐದು ಲೋಟಕ್ಕೆ ಒಂದು ಲೋಟ ಎಂಬುದು ನೆನಪಿಡಲು ಸುಲಭವಾದ ಗುರುತು.

ಈ ಗೃಹಪಾಠವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬಾರದು. ಬೇಳೆಯ ದರ ಏರಿದಾಗ ಸಾರು ತೆಳ್ಳಗಾಗುವ ಮನೆಗಳ ಮಕ್ಕಳು ಅಲ್ಲಿ ಕುಳಿತಿರುತ್ತಾರೆ. ಹಾಳೆಗಳನ್ನು ಹೆಸರಿಲ್ಲದೆ ಪಡೆದು, ಅವುಗಳಲ್ಲಿ ಎರಡು ಲೆಕ್ಕಗಳನ್ನು ಮಾತ್ರ ಮುಂದಿನ ಅವಧಿಯಲ್ಲಿ ಹಲಗೆಯ ಮೇಲೆ ಬಿಡಿಸಿದರೆ ಸಾಕು. 100 ಗ್ರಾಂ ಅಕ್ಕಿಗೆ 10 ಗ್ರಾಂ ಬೇಳೆಯೂ ಅಂಕವನ್ನು 0.75ರಿಂದ 0.92ಕ್ಕೆ ಏರಿಸುತ್ತದೆ ಎಂಬುದನ್ನು ಆಗ ಇನ್ನೊಮ್ಮೆ ಹೇಳಬೇಕು. ಇದ್ದಷ್ಟು ಬೇಳೆಯನ್ನು ತಳದಿಂದ ಕಲಕಿ, ಎಲ್ಲರ ತಟ್ಟೆಗೂ ಸಮನಾಗಿ ಬಡಿಸುವಂತೆ ಮನೆಯಲ್ಲಿ ತಿಳಿಸಲು ಆ ಮಕ್ಕಳಿಗೆ ಇಷ್ಟು ಲೆಕ್ಕ ಸಾಕಾಗುತ್ತದೆ.