ದುಬಾಯಿಯ ನೌಕರಿ ಬಿಡುವಾಗ ಬರಬೇಕಾದ ರೊಕ್ಕದ ಲೆಕ್ಕ



ಸಂಗೊಳ್ಳಿಯಂಥ ಊರಿನ ರೈತನ ಮನೆಯಿಂದ ತರುಣನೊಬ್ಬ ದುಬಾಯಿಗೋ ಅಬುಧಾಬಿಗೋ ಕೆಲಸಕ್ಕೆ ಹೋದರೆ, ಅವನು ಪ್ರತಿ ತಿಂಗಳು ಕಳಿಸುವ ಹಣದ ಲೆಕ್ಕ ಮನೆಯವರಿಗೆಲ್ಲ ಗೊತ್ತಿರುತ್ತದೆ. ಆದರೆ ನೌಕರಿ ಮುಗಿಸಿ ಮರಳುವ ದಿನ ಅವನಿಗೆ ಒಟ್ಟಿಗೆ ಬರಬೇಕಾದ ಇನ್ನೊಂದು ಗಂಟು ಇದೆ. ಅದಕ್ಕೆ ಸೇವಾಂತ್ಯದ ಉಪದಾನ, ಅಂದರೆ ಗ್ರಾಚ್ಯುಟಿ ಎನ್ನುತ್ತಾರೆ. ಆ ದೇಶದ ಪ್ರಜೆಗಳಿಗೆ ಪಿಂಚಣಿಯ ಏರ್ಪಾಡು ಇದೆ. ಹೊರಗಿನಿಂದ ಹೋದವರಿಗೆ ಅದು ಇಲ್ಲ. ಅದರ ಬದಲಿಗೆ ಇರುವುದೇ ಈ ಹಣ. ಇದು ಮಾಲಕನು ಮನಸ್ಸು ಬಂದರೆ ಕೊಡುವ ಬಕ್ಷೀಸು ಅಲ್ಲ, ಕಾಯದೆಯಂತೆ ಕೊಡಲೇಬೇಕಾದ ಬಾಕಿ. ಈ ಹಣ ನಂಬಿ ಬಾವಿ ತೋಡಿಸುವ, ಸಾಲ ತೀರಿಸುವ ಯೋಚನೆ ಮಾಡುವವರು ಅದರ ಲೆಕ್ಕವನ್ನು ಮೊದಲೇ ತಿಳಿದಿರಬೇಕು. ಇಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳ, ಅಂದರೆ ದುಬಾಯಿ, ಅಬುಧಾಬಿ, ಶಾರ್ಜಾ ಮೊದಲಾದವುಗಳ ಲೆಕ್ಕವನ್ನು ಹೇಳುತ್ತೇನೆ.

ಮೂಲ ಪಗಾರ ಎಂದರೇನು?

ಆ ದೇಶದಲ್ಲಿ ಪಗಾರವನ್ನು ತುಂಡು ಮಾಡಿ ಬರೆಯುತ್ತಾರೆ. ಮೊದಲನೆಯದು ಮೂಲ ಪಗಾರ. ಅದರ ಮೇಲೆ ಮನೆ ಬಾಡಿಗೆಯ ಭತ್ತೆ, ಪ್ರಯಾಣದ ಭತ್ತೆ ಮುಂತಾದವು ಬರುತ್ತವೆ. ಇವೆಲ್ಲ ಕೂಡಿದ್ದು ಒಟ್ಟು ಪಗಾರ. ಉಪದಾನದ ಲೆಕ್ಕಕ್ಕೆ ಮೂಲ ಪಗಾರ ಮಾತ್ರ ಬರುತ್ತದೆ. ಭತ್ತೆಯಾಗಲಿ ಹೆಚ್ಚಿನ ಹೊತ್ತು ದುಡಿದ ಹಣವಾಗಲಿ ಬರುವುದಿಲ್ಲ. ಅದೂ ಸೇರುವಾಗಿನ ಮೂಲ ಪಗಾರವಲ್ಲ, ಬಿಡುವಾಗಿನ ಕೊನೆಯ ಮೂಲ ಪಗಾರ.

ಆದ್ದರಿಂದ ಇಬ್ಬರಿಗೆ ಒಟ್ಟು ಪಗಾರ ಒಂದೇ ಇದ್ದರೂ ಕೊನೆಗೆ ಕೈಗೆ ಬರುವ ಗಂಟು ಬೇರೆ ಬೇರೆಯಾಗಬಹುದು. ಮೂಲ ಪಗಾರ ಸಣ್ಣದಾಗಿ, ಭತ್ತೆ ದೊಡ್ಡದಾಗಿ ಬರೆದ ಕರಾರಿನಲ್ಲಿ ಉಪದಾನವೂ ಸಣ್ಣದೇ.

ಲೆಕ್ಕದ ರೀತಿ

2021ರ 33ನೆಯ ಕಾಯದೆ 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ಅದರಂತೆ ಒಂದು ವರ್ಷ ಪೂರ್ತಿ ದುಡಿದವನಿಗೆ ಈ ಹಕ್ಕು ಬರುತ್ತದೆ. ಮೊದಲಿನ 5 ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ಪಗಾರ, 5 ವರ್ಷ ದಾಟಿದ ಮೇಲೆ ವರ್ಷಕ್ಕೆ 30 ದಿನಗಳ ಮೂಲ ಪಗಾರ ಕೊಡಬೇಕು. ಮೊದಲಿನ ವರ್ಷ ಪೂರ್ತಿಯಾಗಿದ್ದರೆ, ಮುಂದೆ ಉಳಿದ ಅರ್ಧ ವರ್ಷಕ್ಕೆ ಅರ್ಧ, ಕಾಲು ವರ್ಷಕ್ಕೆ ಕಾಲು ಹೀಗೆ ಪ್ರಮಾಣದಂತೆ ಸೇರುತ್ತದೆ. ಒಟ್ಟು ಹಣ ಎರಡು ವರ್ಷದ ಪಗಾರವನ್ನು ಮೀರುವುದಿಲ್ಲ. ಈ ಮಿತಿ ತಟ್ಟುವುದು 25 ವರ್ಷಕ್ಕೂ ಹೆಚ್ಚು ದುಡಿದವರಿಗೆ ಮಾತ್ರ.

ಒಂದು ಉದಾಹರಣೆ ನೋಡೋಣ. ಒಬ್ಬ ತರುಣನು ಕಟ್ಟಡದ ಕೆಲಸಕ್ಕೆ ಹೋಗಿ 8 ವರ್ಷ ಇದ್ದನೆಂದು ತಿಳಿಯಿರಿ. ಬಿಡುವಾಗ ಅವನ ಒಟ್ಟು ಪಗಾರ 1,500 ದಿರ್ಹಮ್. ಇದರಲ್ಲಿ ಮೂಲ ಪಗಾರ 900, ಉಳಿದ 600 ಭತ್ತೆ. ನಡುವೆ ತಂಗಿಯ ಮದುವೆಗೆ, ಬಿತ್ತನೆಗೆ ಎಂದು ಊರಿಗೆ ಬಂದವನು ರಜೆ ಮುಗಿದ ಮೇಲೂ ಪಗಾರವಿಲ್ಲದೆ ನಿಂತ ದಿನಗಳು ಎಲ್ಲ ಕೂಡಿ 6 ತಿಂಗಳು. ಪಗಾರವಿಲ್ಲದ ಈ ದಿನಗಳನ್ನು ಸೇವೆಯಲ್ಲಿ ಎಣಿಸುವುದಿಲ್ಲ. ಹಾಗಾಗಿ ಅವನ ಸೇವೆ ಏಳೂವರೆ ವರ್ಷ.

ಮೊದಲು ಒಂದು ದಿನದ ಮೂಲ ಪಗಾರ ತೆಗೆಯಿರಿ. 900ನ್ನು 30ರಿಂದ ಭಾಗಿಸಿದರೆ 30 ದಿರ್ಹಮ್.

ಮೊದಲಿನ 5 ವರ್ಷಕ್ಕೆ 21ರಂತೆ 105 ದಿನ. ದಿನಕ್ಕೆ 30ರಂತೆ 3,150 ದಿರ್ಹಮ್.

ಮುಂದಿನ ಎರಡೂವರೆ ವರ್ಷಕ್ಕೆ 30ರಂತೆ 75 ದಿನ. ದಿನಕ್ಕೆ 30ರಂತೆ 2,250 ದಿರ್ಹಮ್.

ಎರಡೂ ಕೂಡಿ 5,400 ದಿರ್ಹಮ್.

ಮನೆಯಲ್ಲಿ ಕುಳಿತು ಒಟ್ಟು ಪಗಾರ 1,500ರ ಮೇಲೆ, ಪೂರ್ತಿ 8 ವರ್ಷ ಹಿಡಿದು ಲೆಕ್ಕ ಹಾಕಿದವರಿಗೆ 9,750 ದಿರ್ಹಮ್ ಬರುತ್ತದೆ. ಈ ಅಂಕಿ ನಂಬಿ ಸಾಲ ಎತ್ತಿದ್ದರೆ 4,350 ದಿರ್ಹಮ್ ಕಡಿಮೆ ಬೀಳುತ್ತದೆ. ಇಲ್ಲಿ ಮಾಲಕನು ಮೋಸ ಮಾಡಿಲ್ಲ, ಮನೆಯವರ ಲೆಕ್ಕವೇ ತಪ್ಪಿದೆ.

ಇದರ ಇನ್ನೊಂದು ಮಗ್ಗುಲನ್ನೂ ನೋಡಿರಿ. ಬಿಡುವ ಮುನ್ನ ಅವನಿಗೆ 300 ದಿರ್ಹಮ್ ಬಡತಿ ಸಿಕ್ಕಿತು, ಅದು ಮೂಲ ಪಗಾರಕ್ಕೆ ಸೇರಿತು ಎನ್ನೋಣ. ಮೂಲ ಪಗಾರ 1,200, ದಿನಕ್ಕೆ 40 ಆಯಿತು. ಅದೇ 180 ದಿನಗಳಿಗೆ ಈಗ 7,200 ದಿರ್ಹಮ್. ಹಿಂದಿನ ವರ್ಷಗಳಿಗೂ ಕೊನೆಯ ದರವೇ ಸಲ್ಲುತ್ತದೆ. ಅದೇ 300ನ್ನು ಭತ್ತೆಯಲ್ಲಿ ಸೇರಿಸಿದ್ದರೆ ಉಪದಾನ ಒಂದು ದಿರ್ಹಮ್ ಕೂಡ ಏರುತ್ತಿರಲಿಲ್ಲ. ಬಡತಿ ಕೊಡುವಾಗ ಅದು ಯಾವ ತುಂಡಿಗೆ ಸೇರಿತು ಎಂದು ಕೇಳುವುದು ಇದಕ್ಕಾಗಿಯೇ.

ತಾನಾಗಿ ಬಿಟ್ಟರೆ ಕಡಿತವುಂಟೇ?

1980ರ ಹಳೆಯ ಕಾಯದೆಯಲ್ಲಿ, ಅವಧಿ ಗೊತ್ತುಮಾಡದ ಕರಾರಿನವನು ತಾನಾಗಿ ರಾಜೀನಾಮೆ ಕೊಟ್ಟರೆ ಮೂರು ವರ್ಷದೊಳಗೆ ಮೂರರಲ್ಲಿ ಒಂದು ಪಾಲು, ಐದು ವರ್ಷದೊಳಗೆ ಮೂರರಲ್ಲಿ ಎರಡು ಪಾಲು ಮಾತ್ರ ಸಿಗುತ್ತಿತ್ತು. ಹಿಂದೆ ಹೋಗಿ ಬಂದ ಹಿರಿಯರು ಹೇಳುವುದು ಈ ಲೆಕ್ಕವನ್ನೇ. ಹೊಸ ಕಾಯದೆಯಲ್ಲಿ ಆ ಕಡಿತವಿಲ್ಲ. ಆದರೆ ಸೌದಿ ಅರೇಬಿಯಾದ ಮಾತು ಬೇರೆ. ಅಲ್ಲಿ ಮೊದಲಿನ 5 ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳು, ಮುಂದೆ ಒಂದು ತಿಂಗಳು. ತಾನಾಗಿ ಬಿಟ್ಟವನಿಗೆ 2 ವರ್ಷದೊಳಗೆ ಏನೂ ಇಲ್ಲ, 10 ವರ್ಷ ತುಂಬಿದರೆ ಪೂರ್ತಿ, ನಡುವೆ ಪಾಲು ಮಾತ್ರ. ಆದ್ದರಿಂದ ಒಂದು ದೇಶದ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಬೇಡಿರಿ. ಮನೆಗೆಲಸ, ಮನೆಯ ವಾಹನ ಚಾಲನೆಗೆ ಹೋದವರಿಗೂ ಬೇರೆ ಕಾಯದೆ ಇದೆ. ಮೇಲಿನ ಲೆಕ್ಕ ಅವರಿಗೆ ಸಲ್ಲದು.

ಎಲ್ಲಿ ತಪ್ಪುತ್ತದೆ?

ಕರಾರು ಮುಗಿದ 14 ದಿನಗಳೊಳಗೆ ಎಲ್ಲ ಬಾಕಿ ಕೊಡಬೇಕು. ಆದರೆ ವೀಸಾ ರದ್ದು ಮಾಡುವಾಗ, ಎಲ್ಲ ಬಾಕಿ ಮುಟ್ಟಿದೆ ಎಂದು ಬರೆದ ಕಾಗದಕ್ಕೆ ಸಹಿ ಕೇಳುವುದುಂಟು. ಹಣ ಖಾತೆಗೆ ಬೀಳುವ ಮೊದಲೇ ಸಹಿ ಮಾಡಿ ವಿಮಾನ ಹತ್ತಿದವನ ಕೈಯಲ್ಲಿ ಆಮೇಲೆ ಪುರಾವೆ ಉಳಿಯುವುದಿಲ್ಲ. ಮೊದಲು ಲೆಕ್ಕದ ಚೀಟಿ ಕೇಳಬೇಕು. ಅದರಲ್ಲಿ ಸೇರಿದ ದಿನ, ಬಿಟ್ಟ ದಿನ, ಪಗಾರವಿಲ್ಲದ ದಿನಗಳು, ಕೊನೆಯ ಮೂಲ ಪಗಾರ ಈ ನಾಲ್ಕನ್ನು ನೋಡಬೇಕು. ಈ ನಾಲ್ಕು ಸರಿ ಇದ್ದರೆ ಉಳಿದ ಲೆಕ್ಕ ಮೇಲೆ ಹೇಳಿದಂತೆ ಯಾರಾದರೂ ಮಾಡಬಹುದು. ಬಳಸದೆ ಉಳಿದ ವಾರ್ಷಿಕ ರಜೆಯ ಹಣ ಬೇರೆ ಬರಬೇಕು. ಅದನ್ನು ಉಪದಾನದಲ್ಲೇ ಸೇರಿಸಿ ತೋರಿಸಿದ್ದರೆ ಪ್ರಶ್ನಿಸಬೇಕು.

ಹಣ ಬಾರದಿದ್ದರೆ ಆ ದೇಶದಲ್ಲಿ ಇರುವಾಗಲೇ ಅಲ್ಲಿನ ಮಾನವ ಸಂಪನ್ಮೂಲ ಮಂತ್ರಾಲಯಕ್ಕೆ ದೂರು ಕೊಡಬೇಕು. 2024ರಿಂದ 50,000 ದಿರ್ಹಮ್‌ವರೆಗಿನ ತಂಟೆಗಳನ್ನು ಮಂತ್ರಾಲಯವೇ ತೀರ್ಮಾನಿಸಬಲ್ಲದು. ದುಬಾಯಿಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದಲ್ಲಿ ನಮ್ಮವರಿಗೆ ಸಲಹೆ ಸಿಗುತ್ತದೆ.

ಮನೆಯವರು ಮಾಡಬೇಕಾದದ್ದು ಒಂದಿದೆ. ಹೋಗುವ ಮೊದಲು ಸಹಿ ಮಾಡಿದ ನೌಕರಿಯ ಪತ್ರದ ಮತ್ತು ಕರಾರಿನ ಒಂದೊಂದು ಪ್ರತಿಯನ್ನು ಹೊಲದ ಉತಾರಿಯ ಜೊತೆಗೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿರಿ. ಮೂಲ ಪಗಾರದ ಅಂಕಿಯನ್ನು ಓದು ಬಲ್ಲವರಿಂದ ಓದಿಸಿ ಗುರುತು ಹಾಕಿಸಿರಿ. ಮಗನು ಊರಿಗೆ ಬಂದಾಗ ಪಗಾರವಿಲ್ಲದೆ ನಿಂತ ದಿನಗಳನ್ನೂ, ಬಡತಿ ಸಿಕ್ಕ ತಾರೀಖನ್ನೂ ಅದೇ ಕಾಗದದ ಬೆನ್ನಿಗೆ ಬರೆದಿಡಿರಿ. ಅವನು ಮರಳುವ ವರ್ಷ ಎಷ್ಟು ಹಣ ಬರಬೇಕೆಂಬುದನ್ನು ಆ ಒಂದು ಕಾಗದದಿಂದಲೇ ತೆಗೆಯಬಹುದು.